ತಾತನ ವಾಚಿಗೆ ಎಷ್ಟು ಬೆಲೆ?

ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ಇನ್ನೂ ಉಳಿದುಕೊಂಡಿರುವ ವಾಚ್ ರಿಪೇರಿ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ. ಯಾರೋ ಒಬ್ಬರು ಕರ್ಚೀಫಿನಲ್ಲಿ ಸುತ್ತಿದ ವಾಚೊಂದನ್ನು ಜೇಬಿನಿಂದ ಜೋಪಾನವಾಗಿ ತೆಗೆದು ಗಾಜಿನ ಮೇಲೆ ಇಡುತ್ತಾರೆ. "ನಮ್ಮ ತಾತಂದು ಸಾರ್, ಬೀರು ಖಾಲಿ ಮಾಡುವಾಗ ಸಿಕ್ತು. ಇದಕ್ಕೀಗ ಏನು ಬೆಲೆ ಬರಬಹುದು?" ರಿಪೇರಿಯವರು ಐ ಗ್ಲಾಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ವಾಚನ್ನು ಬೆಳಕಿಗೆ ಹಿಡಿದು, ಎರಡು ಸುತ್ತು ಕೀ ಕೊಟ್ಟು ಕಿವಿಯ ಹತ್ತಿರ ಇಟ್ಟುಕೊಳ್ಳುತ್ತಾರೆ. "ಓಡ್ತಾ ಇದೆ. ಮಾರೋದ್ಯಾಕೆ, ಕಟ್ಕೊಳ್ಳಿ" ಅನ್ನುತ್ತಾರೆ. ಬಂದವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಹಳೆಯ ವಾಚುಗಳು ಲಕ್ಷಕ್ಕೆ, ಕೋಟಿಗೆ ಹೋಗುತ್ತವೆ ಎಂದು ಅವರು ಎಲ್ಲೋ ಓದಿರುತ್ತಾರೆ.

ಓದಿದ್ದು ಸುಳ್ಳಲ್ಲ, ರಿಪೇರಿಯವರು ಹೇಳಿದ್ದೂ ಸುಳ್ಳಲ್ಲ. ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಅನ್ನುವುದರಲ್ಲೇ ವಾಚಿನ ವ್ಯಾಪಾರವೆಲ್ಲ ಅಡಗಿದೆ.

ಕರ್ನಾಟಕದ ಬೀರುಗಳಲ್ಲಿ ಸಿಗುವ ವಾಚು ಹೆಚ್ಚಿನ ಸಲ ಎಚ್‌ಎಂಟಿಯೇ ಆಗಿರುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಮನೆಯ ಮೊದಲ ಹುಡುಗ ಎಸ್ಸೆಸ್ಸೆಲ್ಸಿ ಪಾಸಾದರೆ ವಾಚು, ನೌಕರಿ ಸಿಕ್ಕರೆ ವಾಚು, ಮದುವೆಯಲ್ಲಿ ಅಳಿಯನಿಗೆ ಮಾವ ಕೊಡುವ ವಾಚು. ಸ್ನಾನಕ್ಕೆ ಹೋಗುವ ಮುನ್ನ ಅಪ್ಪ ಅದನ್ನು ಬಿಚ್ಚಿ ಗೂಡಿನಲ್ಲಿ ಇಡುತ್ತಿದ್ದರು. ಅದಕ್ಕೆ ಮಕ್ಕಳು ಕೈ ಹಚ್ಚುವಂತಿರಲಿಲ್ಲ. ಬೆಳಗ್ಗೆ ರೇಡಿಯೊದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಮುಳ್ಳು ಸರಿಪಡಿಸಿಕೊಂಡು ಕೀ ಕೊಡುವುದು ಮನೆಯ ನಿತ್ಯಕರ್ಮಗಳಲ್ಲಿ ಒಂದಾಗಿತ್ತು. ಜನತಾ, ಪೈಲಟ್, ಸೋನಾ, ಕಾಂಚನ್, ಕೊಹಿನೂರ್, ಹೆಂಗಸರಿಗೆ ಸುಜಾತಾ: ಈ ಹೆಸರುಗಳು ಒಂದು ಕಾಲದಲ್ಲಿ ನೆಂಟರಿಷ್ಟರ ಹೆಸರುಗಳಷ್ಟೇ ಸಲೀಸಾಗಿ ಬಾಯಲ್ಲಿ ಬರುತ್ತಿದ್ದವು.

ಇಷ್ಟೊಂದು ಪ್ರೀತಿ ಇರುವ ವಾಚಿಗೆ ಬೆಲೆ ಏಕೆ ಬರುವುದಿಲ್ಲ? ಎಚ್‌ಎಂಟಿ ತನ್ನ ಆಯುಸ್ಸಿನಲ್ಲಿ ತಯಾರಿಸಿದ ವಾಚುಗಳು ಹತ್ತು ಕೋಟಿಗೂ ಹೆಚ್ಚು. ಜನತಾ ಮತ್ತು ಪೈಲಟ್ ಎರಡರ ಒಳಗೂ ಇರುವುದು ಒಂದೇ ಯಂತ್ರ, 17 ಜ್ಯೂವೆಲ್‌ಗಳ, ಕೈಯಿಂದ ಕೀ ಕೊಡುವ 0231. ಅದು ಗಟ್ಟಿಮುಟ್ಟಾದ, ರಿಪೇರಿಗೆ ಸುಲಭವಾದ ಯಂತ್ರ, ಹಾಗಾಗಿ ಲಕ್ಷಾಂತರ ವಾಚುಗಳು ಇವತ್ತಿಗೂ ಓಡುತ್ತಿವೆ. ಎಲ್ಲರ ಬೀರುವಿನಲ್ಲೂ ಇರುವ ವಸ್ತುವನ್ನು ಹೆಚ್ಚು ದುಡ್ಡು ಕೊಟ್ಟು ಕೊಳ್ಳುವವರು ಕಡಿಮೆ. ಹಳತಾಗುವುದು ಬೇರೆ, ಸಿಗದೇ ಹೋಗುವುದು ಬೇರೆ. ವಾಚಿನ ಪೇಟೆ ದುಡ್ಡು ಕೊಡುವುದು ಎರಡನೆಯದಕ್ಕೆ.

ಇದೇ ಎಚ್‌ಎಂಟಿ ಒಮ್ಮೆ ಈ ಮಾತನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟಿತು. ಕಾರ್ಖಾನೆ ಮುಚ್ಚುತ್ತದೆ ಎಂಬ ಸುದ್ದಿ 2014ರಲ್ಲಿ ಹಬ್ಬಿದಾಗ, ವರ್ಷಗಟ್ಟಲೆ ಶೋರೂಮಿನ ಕಡೆ ತಲೆಹಾಕದಿದ್ದ ಜನ ಸಾಲುಗಟ್ಟಿ ನಿಂತರು. ಸಾವಿರ ರೂಪಾಯಿ ಆಸುಪಾಸಿನ ಪೈಲಟ್ ಕೈಯಿಂದ ಕೈಗೆ ದಾಟುತ್ತ ಹಲವು ಪಟ್ಟು ಬೆಲೆಗೆ ಮಾರಾಟವಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ವಾಚ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಆದರೆ ಉಳಿದ ಬಿಡಿಭಾಗಗಳಿಂದ ವಾಚು ಜೋಡಿಸಿ ಮಾರುವುದು ಬೆಂಗಳೂರಿನಲ್ಲಿ ನಿಲ್ಲಲಿಲ್ಲ. ಹೊಸದು ಮತ್ತೆ ಸಿಗತೊಡಗಿದ ಮೇಲೆ ದುಬಾರಿ ಬೆಲೆಗೆ ಕೂಡಿಟ್ಟವರ ಲೆಕ್ಕ ತಲೆಕೆಳಗಾಯಿತು. ವಾಚು ಅದೇ, ಯಂತ್ರವೂ ಅದೇ. ಬದಲಾದದ್ದು "ಇನ್ನು ಸಿಗುವುದಿಲ್ಲ" ಅನ್ನುವ ಒಂದು ನಂಬಿಕೆ ಮಾತ್ರ.

ಆ ನಂಬಿಕೆ ನಿಜವೇ ಆಗಿರುವ ವಾಚುಗಳೂ ಇವೆ. ಅವುಗಳಲ್ಲಿ ಅತಿ ಹೆಸರಾದ ಒಂದರ ಕಥೆಯನ್ನು ಹೇಳಲೇಬೇಕು. ಅದು ಮೊದಮೊದಲು ಯಾರಿಗೂ ಬೇಡವಾಗಿದ್ದ ವಾಚು.

ರೋಲೆಕ್ಸ್ ಕಂಪನಿ 1963ರಲ್ಲಿ ಕಾರ್ ರೇಸಿನವರಿಗೆಂದು ಡೇಟೋನಾ ಎಂಬ ಮಾದರಿಯನ್ನು ತಂದಿತು. ಮುಖ್ಯ ಮುಳ್ಳುಗಳ ಜೊತೆಗೆ ಡಯಲಿನಲ್ಲಿ ಮೂರು ಸಣ್ಣ ವೃತ್ತಗಳು, ಪಕ್ಕದಲ್ಲಿ ಒತ್ತುವ ಎರಡು ಗುಂಡಿಗಳು, ದಿನಾ ಕೈಯಿಂದಲೇ ಕೀ ಕೊಡಬೇಕು. ತಾನಾಗಿ ಕೀ ಆಗುವ ವಾಚುಗಳ ಕಾಲ ಆಗಲೇ ಬಂದಿದ್ದರಿಂದ ಇದು ಅಂಗಡಿಗಳಲ್ಲಿ ಕೊಳೆಯುತ್ತಿತ್ತು. ಅದರಲ್ಲೂ ಡಯಲಿಗೆ ಎರಡು ಮೂರು ಬಣ್ಣ ಹಾಕಿ, ಸಣ್ಣ ವೃತ್ತಗಳೊಳಗೆ ವಿಚಿತ್ರ ಆಕಾರದ ಅಂಕಿಗಳನ್ನೂ ಗೆರೆಗಳ ತುದಿಗೆ ಪುಟ್ಟ ಚೌಕಗಳನ್ನೂ ಇಟ್ಟಿದ್ದ ಒಂದು ಬಗೆಯನ್ನು ಕೊಳ್ಳುವವರು ಇನ್ನೂ ಕಡಿಮೆ. ಕೊಳ್ಳುವವರಿಲ್ಲದ ಮೇಲೆ ಆ ಡಯಲ್ ಹೆಚ್ಚಾಗಿ ತಯಾರಾಗಲೂ ಇಲ್ಲ. ಮುಂದೆ ಬಂದ ಬೆಲೆಗೆ ಬೀಜ ಬಿದ್ದದ್ದು ಇಲ್ಲೇ.

ಅಂಥ ಒಂದನ್ನು ನಟಿ ಜೋಆನ್ ವುಡ್‌ವರ್ಡ್ ತಮ್ಮ ಗಂಡ, ನಟ ಪಾಲ್ ನ್ಯೂಮನ್‌ಗೆ ಕೊಟ್ಟರು. ನ್ಯೂಮನ್‌ಗೆ ಕಾರ್ ರೇಸಿನ ಹುಚ್ಚು. ಹುಷಾರಾಗಿ ಓಡಿಸಿ ಎಂಬ ಅರ್ಥದ ಮಾತನ್ನು ಆಕೆ ವಾಚಿನ ಬೆನ್ನಿಗೆ ಕೆತ್ತಿಸಿದ್ದರು. ನ್ಯೂಮನ್ ವರ್ಷಗಟ್ಟಲೆ ಅದನ್ನೇ ಕಟ್ಟಿಕೊಂಡು ಓಡಾಡಿದರು, ಫೋಟೊಗಳಲ್ಲೂ ಅದೇ ಇದೆ. 1984ರಲ್ಲಿ ಒಂದು ದಿನ ಮಗಳ ಗೆಳೆಯ ಅವರ ಮನೆಯಲ್ಲಿ ಮರದ ಮೇಲಿನ ಪುಟ್ಟ ಮನೆಯನ್ನು ರಿಪೇರಿ ಮಾಡುತ್ತಿದ್ದ. ನ್ಯೂಮನ್ ಗಂಟೆ ಎಷ್ಟು ಎಂದು ಕೇಳಿದರು. ತನ್ನ ಹತ್ತಿರ ವಾಚಿಲ್ಲ ಎಂದು ಹುಡುಗ ಹೇಳಿದ. ನ್ಯೂಮನ್ ತಮ್ಮ ಕೈಯದನ್ನೇ ಬಿಚ್ಚಿ ಕೊಟ್ಟರು, ದಿನಾ ಕೀ ಕೊಟ್ಟರೆ ಸರಿಯಾಗಿಯೇ ಟೈಮ್ ತೋರಿಸುತ್ತೆ ಎಂದರು. ಹುಡುಗ ಅದನ್ನು ಬೀಗ ಹಾಕಿ ಇಡಲಿಲ್ಲ, ಕಟ್ಟಿಕೊಂಡೇ ಓಡಾಡಿದ. 2017ರ ಅಕ್ಟೋಬರ್ 26ರಂದು ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ ಆ ವಾಚು 1 ಕೋಟಿ 77 ಲಕ್ಷ ಡಾಲರಿಗೂ ಮೇಲೆ ಹೋಯಿತು. ಅಂದಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು. ಬಂದ ಹಣದಲ್ಲಿ ಒಂದು ಪಾಲು ಆ ಮಗಳ ಹೆಸರಿನ ಪ್ರತಿಷ್ಠಾನಕ್ಕೆ ಸಂದಿತು.

ಈ ನೂರು ಕೋಟಿಯಲ್ಲಿ ಉಕ್ಕಿನ ಬೆಲೆ ಎಷ್ಟು? ಲೆಕ್ಕಕ್ಕೇ ಬರುವುದಿಲ್ಲ. ಯಂತ್ರವೂ ರೋಲೆಕ್ಸಿನದಲ್ಲ, ಆ ಕಾಲದ ಇನ್ನೂ ಅನೇಕ ಕಂಪನಿಗಳು ಕೊಳ್ಳುತ್ತಿದ್ದ ವಾಲ್ಜೂ ಕಾರ್ಖಾನೆಯದು. ಒಂದು ದೊಡ್ಡ ಪಾಲು ನ್ಯೂಮನ್ ಅವರ ಕೈಗೆ ಸಂದ ಬೆಲೆ, ಅದು ಬೇರೆ ಯಾವ ವಾಚಿಗೂ ಸಿಗುವುದಿಲ್ಲ. ಉಳಿದದ್ದು ಡಯಲಿಗೆ. ಯಾವ ನಟನ ಕೈಯನ್ನೂ ಕಾಣದ, ಆದರೆ ಇದೇ ಬಗೆಯ ಡಯಲ್ ಇರುವ ಡೇಟೋನಾ ಕೂಡ ಮಾಮೂಲಿ ಡಯಲಿನ ಡೇಟೋನಾಗಿಂತ ಹಲವು ಪಟ್ಟು ಬೆಲೆಗೆ ಹೋಗುತ್ತದೆ. ತೆಳ್ಳನೆಯ ಒಂದು ಲೋಹದ ಬಿಲ್ಲೆ, ಅದರ ಮೇಲೆ ಅಚ್ಚಾದ ಬಣ್ಣ, ಅಷ್ಟೇ ವ್ಯತ್ಯಾಸ.

ಹಿಂದಿನವರು ಬಂಗಾರದ ವಾಚನ್ನು ಆಸ್ತಿ ಎಂದು ತಿಳಿದು ಕೊಂಡರು. ಆ ತಿಳಿವಳಿಕೆಯನ್ನು ವಾಚಿನ ಪೇಟೆ ಬಹಳ ಸಲ ಸುಳ್ಳು ಮಾಡಿದೆ. 1980ರ ಸುಮಾರಿಗೆ ಚಿನ್ನದ ಬೆಲೆ ಏಕಾಏಕಿ ಏರಿದಾಗ, ಎಷ್ಟೋ ಬಂಗಾರದ ಜೇಬುಗಡಿಯಾರಗಳ ಒಳಯಂತ್ರವನ್ನು ಕಿತ್ತೆಸೆದು ಕೇಸನ್ನು ಕರಗಿಸಿದರು. ವಾಚಾಗಿ ಅದಕ್ಕಿದ್ದ ಬೆಲೆ ಚಿನ್ನವಾಗಿ ಇದ್ದ ಬೆಲೆಗಿಂತ ಕಡಿಮೆ ಇತ್ತು. ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ, 2015ರಲ್ಲಿ ಆಪಲ್ ಕಂಪನಿ 18 ಕ್ಯಾರೆಟ್ ಬಂಗಾರದ ಕೈಗಡಿಯಾರವನ್ನು 10,000 ಡಾಲರಿನಿಂದ ಮೇಲಿನ ಬೆಲೆಗೆ ಮಾರಿತು. ಮರುವರ್ಷವೇ ಬಂಗಾರದ ಮಾದರಿ ನಿಂತಿತು. 2018ರ ಹೊತ್ತಿಗೆ ಹೊಸ ಸಾಫ್ಟ್‌ವೇರ್ ಅದಕ್ಕೆ ಹೊಂದದಂತಾಯಿತು, 2023ರಲ್ಲಿ ಕಂಪನಿಯೇ ಅದನ್ನು ರಿಪೇರಿಯ ಪಟ್ಟಿಯಿಂದ ಕೈಬಿಟ್ಟಿತು. ಒಳಗಿನ ಚಿಪ್ಪಿಗೆ ಈಗ ಯಾರೂ ಬೆಲೆ ಕಟ್ಟುವುದಿಲ್ಲ, ಹೊರಗಿನ ಬಂಗಾರದ ತೂಕವನ್ನು ಮಾತ್ರ ನೋಡುತ್ತಾರೆ. ಬ್ಯಾಟರಿಯ ಸ್ಮಾರ್ಟ್ ವಾಚುಗಳಲ್ಲಿ ಹಣ ಉಳಿಯುವುದೇ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಹಾಗಾದರೆ ಇವತ್ತು ಶೋರೂಮಿನಲ್ಲಿ ಹೊಳೆಯುತ್ತಿರುವ ಸ್ವಿಸ್ ವಾಚು? ಇಲ್ಲಿ ಒಂದು ಲೆಕ್ಕವನ್ನು ಸಾವಕಾಶವಾಗಿ ಮಾಡಿ ನೋಡುವುದು ಒಳ್ಳೆಯದು. ಬೆಂಗಳೂರಿನ ಒಬ್ಬರು ಮಗನ ಮದುವೆಗೆ 5 ಲಕ್ಷ ರೂಪಾಯಿಯ, ಒಳ್ಳೆಯ ಹೆಸರಿನ ಸ್ವಿಸ್ ವಾಚು ಕೊಂಡರು ಎಂದಿಟ್ಟುಕೊಳ್ಳೋಣ. ಅದು ಕಾಯುವ ಪಟ್ಟಿಯ ವಾಚಲ್ಲ, ಹೋದ ದಿನವೇ ಸಿಗುವಂಥದ್ದು. ಆ 5 ಲಕ್ಷದೊಳಗೆ 18 ಶೇಕಡಾ ಜಿಎಸ್‌ಟಿ ಇದೆ, ಅಂದರೆ ಸುಮಾರು 76 ಸಾವಿರ. ಉಳಿದ 4 ಲಕ್ಷ 24 ಸಾವಿರದಲ್ಲಿ ಅಂಗಡಿಯವರ ಪಾಲು 30 ಶೇಕಡಾ ಎಂದು ಹಿಡಿದರೂ ಸುಮಾರು 1 ಲಕ್ಷ 27 ಸಾವಿರ ಹೋಗುತ್ತದೆ. ಅಂಗಡಿಗೆ ಬಂದು ಬೀಳುವಾಗ ಆಮದು ಸುಂಕವೂ ಸೇರಿ ಅದರ ಅಸಲು 3 ಲಕ್ಷದ ಒಳಗೇ ಇತ್ತು. ಕೊಂಡವರು ಬಾಗಿಲು ದಾಟಿದ ಕ್ಷಣದಲ್ಲಿ ತೆರಿಗೆಯೂ ಅಂಗಡಿಯ ಪಾಲೂ ಹಿಂದೆಯೇ ಉಳಿದವು. ಒಡವೆ ಕೊಂಡವರಿಗೆ ಇದು ಹೊಸದಲ್ಲ. ಸರ ಮಾರಲು ಹೋದಾಗ ಅಕ್ಕಸಾಲಿಗ ಚಿನ್ನದ ತೂಕಕ್ಕೆ ದುಡ್ಡು ಕೊಡುತ್ತಾನೆ, ಮಜೂರಿಗೂ ವೇಸ್ಟೇಜಿಗೂ ಕೊಡುವುದಿಲ್ಲ. ಆದರೆ ಸರದಲ್ಲಿ ಚಿನ್ನವಾದರೂ ಉಳಿಯುತ್ತದೆ. ವಾಚಿನಲ್ಲಿ ಉಳಿಯುವುದು ಉಕ್ಕು.

ಆರು ತಿಂಗಳ ಮೇಲೆ ಅದನ್ನು ಮಾರಬೇಕಾಯಿತು ಎನ್ನಿ. ಅಂಥದೇ ಹೊಸ ವಾಚನ್ನು ಅಂಗಡಿಯವರು ಹಬ್ಬದ ಹೊತ್ತಿಗೆ ಹತ್ತು ಹದಿನೈದು ಶೇಕಡಾ ಬಿಟ್ಟು ಕೊಡುತ್ತಿರುತ್ತಾರೆ, 4 ಲಕ್ಷ 25 ಸಾವಿರಕ್ಕೆ ಹೊಸದೇ ಸಿಗುತ್ತದೆ. ಹಾಗಿರುವಾಗ ಕಟ್ಟಿ ಬಿಚ್ಚಿದ್ದಕ್ಕೆ ಮೂರೂವರೆಗಿಂತ ಹೆಚ್ಚು ಯಾರು ಕೊಡುತ್ತಾರೆ? ಆ ಮೂರೂವರೆಗೆ ಮಾರಬೇಕಾದ ಸೆಕೆಂಡ್‌ಹ್ಯಾಂಡ್ ವ್ಯಾಪಾರಿ ತನ್ನ ಲಾಭವನ್ನು, ತಿಂಗಳುಗಟ್ಟಲೆ ಬಂಡವಾಳ ಕಟ್ಟಿಹಾಕುವ ಖರ್ಚನ್ನು, ವಾಚು ನಕಲಿಯೋ ಎಂದು ತೆಗೆದುಕೊಳ್ಳುವ ಅಪಾಯವನ್ನು ಕಳೆದು 2 ಲಕ್ಷ 80 ಸಾವಿರ ಅನ್ನುತ್ತಾನೆ. ಅವನು ಮೋಸ ಮಾಡುತ್ತಿಲ್ಲ, ಲೆಕ್ಕ ಹಾಗೇ ಬರುತ್ತದೆ. 5 ಲಕ್ಷದಲ್ಲಿ 2 ಲಕ್ಷ 20 ಸಾವಿರ ಆರು ತಿಂಗಳಲ್ಲೇ ಕರಗಿತು.

ಮಾರದೆ ಹತ್ತು ವರ್ಷ ಇಟ್ಟುಕೊಂಡರೆ? ಅದೇ 5 ಲಕ್ಷ ಬ್ಯಾಂಕಿನಲ್ಲಿ 7 ಶೇಕಡಾ ಬಡ್ಡಿಗೆ ಇದ್ದಿದ್ದರೆ ಹತ್ತು ವರ್ಷಕ್ಕೆ ಸುಮಾರು 9 ಲಕ್ಷ 80 ಸಾವಿರ ಆಗುತ್ತಿತ್ತು. ವಾಚು ಬಡ್ಡಿ ಕೊಡುವುದಿಲ್ಲ, ಖರ್ಚು ಕೇಳುತ್ತದೆ. ಕೀ ಕೊಡುವ ವಾಚಿನೊಳಗಿನ ಎಣ್ಣೆ ವರ್ಷಗಳು ಕಳೆದಂತೆ ಒಣಗುತ್ತದೆ. ಒಣಗಿದ ಎಣ್ಣೆಯಲ್ಲಿ ಓಡಿಸಿದರೆ ಹಲ್ಲುಚಕ್ರದ ಅಚ್ಚುಗಳು ಸವೆಯುತ್ತವೆ. ಐದರಿಂದ ಹತ್ತು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಬೇಕು, ಕಂಪನಿಯ ಸರ್ವೀಸಿನಲ್ಲಿ ಅದಕ್ಕೆ ಹತ್ತಾರು ಸಾವಿರ ಆಗುತ್ತದೆ. ಅಂಗಡಿಯವರು ಹೊಗಳುವ ಹೆಚ್ಚಿನ ವಾಚುಗಳು ಈ ಲೆಕ್ಕದ ಹತ್ತಿರವೂ ಬರುವುದಿಲ್ಲ.

ಹತ್ತಿರ ಬರುವವು ಕೆಲವೇ. ರೋಲೆಕ್ಸಿನ ಉಕ್ಕಿನ ಡೇಟೋನಾ, ಸಬ್‌ಮರೀನರ್, ಜಿಎಂಟಿ ಮಾಸ್ಟರ್‌ನಂಥ ಕೆಲವು ಮಾದರಿಗಳು. ಪಾಟೆಕ್ ಫಿಲಿಪ್‌ನ ನಾಟಿಲಸ್, ಅಕ್ವನಾಟ್. ಆಡೆಮಾರ್ ಪಿಗೆಯ ರಾಯಲ್ ಓಕ್. ಇವುಗಳಲ್ಲಿ ಸಾಮಾನ್ಯವಾಗಿ ಕಾಣುವ ಗುಣ ಯಂತ್ರದ ಜಾಣ್ಮೆಯಲ್ಲ. ಬೇಕೆನ್ನುವವರಿಗಿಂತ ಕಡಿಮೆ ವಾಚು ಶೋರೂಮಿಗೆ ಬರುತ್ತದೆ, ಅಧಿಕೃತ ಅಂಗಡಿಯಲ್ಲಿ ಹೆಸರು ಬರೆಸಿ ಕಾಯಬೇಕು, ರಿಯಾಯಿತಿಯ ಮಾತೇ ಇಲ್ಲ. ಶೋರೂಮಿನ ಬೆಲೆಗೇ ವಾಚು ಸಿಕ್ಕವರು ಅಂಗಡಿಯ ಪಾಲನ್ನು ಕಳೆದುಕೊಳ್ಳುವುದಿಲ್ಲ, ಕಾಯಲು ಮನಸ್ಸಿಲ್ಲದವರು ಅದನ್ನು ತುಂಬಿಕೊಡುತ್ತಾರೆ. ಅದೇ ವಾಚನ್ನು ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಏರಿದ ಬೆಲೆಗೆ ಕೊಂಡವರ ಸ್ಥಿತಿ ಬೇರೆ.

ನಾಟಿಲಸ್ 5711ರ ಕಥೆ ಅದನ್ನು ಹೇಳುತ್ತದೆ. 2006ರಲ್ಲಿ ಬಂದ ಈ ಉಕ್ಕಿನ ವಾಚನ್ನು ಪಾಟೆಕ್ 2021ರಲ್ಲಿ ನಿಲ್ಲಿಸುತ್ತೇವೆ ಎಂದಿತು. ಆಗ ಶೋರೂಮಿನ ಬೆಲೆ ಸುಮಾರು 35,000 ಡಾಲರ್. ಆ ವರ್ಷದ ಡಿಸೆಂಬರಿನಲ್ಲಿ ಟಿಫನಿ ಕಂಪನಿಗೆಂದು ತಿಳಿನೀಲಿ ಡಯಲಿನ 170 ವಾಚುಗಳು ಹೊರಬಂದವು, ಮೊದಲನೆಯದು ಹರಾಜಿನಲ್ಲಿ 65 ಲಕ್ಷ ಡಾಲರಿಗೆ ಹೋಯಿತು. ಬಡ್ಡಿದರ ತಳ ಕಂಡಿದ್ದ, ಕ್ರಿಪ್ಟೊ ಹಣ ಉಕ್ಕುತ್ತಿದ್ದ ಕಾಲ ಅದು. 2022ರ ಆರಂಭದಲ್ಲಿ ಮಾಮೂಲಿ 5711 ಕೂಡ ಶೋರೂಮಿನ ಬೆಲೆಯ ನಾಲ್ಕೈದು ಪಟ್ಟು ಬೆಲೆಗೆ ಮಾರಾಟವಾಗುತ್ತಿತ್ತು. ಅಲ್ಲಿಂದ ಬಡ್ಡಿ ಏರಿತು, ಕ್ರಿಪ್ಟೊ ಕುಸಿಯಿತು, ಲಾಭಕ್ಕೆಂದು ಕೂಡಿಟ್ಟವರೆಲ್ಲ ಒಟ್ಟಿಗೆ ಮಾರಲು ಹೊರಟರು. ಮುಂದಿನ ಎರಡು ವರ್ಷ ಬೆಲೆ ಇಳಿಯುತ್ತಲೇ ಹೋಯಿತು. 35,000ಕ್ಕೆ ಕೊಂಡವರು ಆಗಲೂ ಲಾಭದಲ್ಲೇ ಇದ್ದರು. ತುದಿಯಲ್ಲಿ ಕೊಂಡವರ ಹಣದಲ್ಲಿ ದೊಡ್ಡ ಪಾಲು ಹೋಯಿತು. ಇಬ್ಬರ ಕೈಯಲ್ಲಿದ್ದದ್ದೂ ಒಂದೇ ವಾಚು.

ಡಯಲಿನ ಮಾತು ಅರ್ಧಕ್ಕೆ ನಿಂತಿತ್ತು. ಮನೆಯಲ್ಲಿ ಹಳೆಯ ವಾಚಿರುವ ಎಲ್ಲರಿಗೂ ಬೇಕಾದ ಸಂಗತಿ ಅದು.

ಸಂಗ್ರಾಹಕರು ವಾಚು ಕೈಗೆ ಬಂದ ಕೂಡಲೇ ನೋಡುವುದು ಹೊಳಪನ್ನಲ್ಲ. ಅದರಲ್ಲಿ ಏನೇನು ಬದಲಾಗಿಲ್ಲ ಎಂದು ನೋಡುತ್ತಾರೆ. ಕತ್ತಲಲ್ಲಿ ಹೊಳೆಯುವ ಬಣ್ಣವನ್ನು ಮುಳ್ಳುಗಳಿಗೂ ಡಯಲಿನ ಚುಕ್ಕಿಗಳಿಗೂ ಹಚ್ಚಿರುತ್ತಾರೆ, ಅದು ವರ್ಷಗಳು ಕಳೆದಂತೆ ಒಟ್ಟಿಗೇ ಹಳದಿಯಾಗುತ್ತದೆ. ಚುಕ್ಕಿ ಹಳದಿ, ಮುಳ್ಳು ಬೆಳ್ಳಗೆ ಇದ್ದರೆ ಮುಳ್ಳು ಬದಲಾಗಿದೆ ಎಂದು ಅನುಮಾನ ಪಡಬೇಕು. ಕೇಸಿನ ಅಂಚುಗಳು ಚೂಪಾಗಿರಬೇಕು. ಹೊಸದರಂತೆ ಕಾಣಲಿ ಎಂದು ಪಾಲಿಶ್ ಮಾಡಿಸಿದರೆ ಗೀರುಗಳ ಜೊತೆ ಲೋಹವೂ ಹೋಗುತ್ತದೆ, ಅಂಚು ಮೊಂಡಾಗುತ್ತದೆ, ಮೊಂಡಾದದ್ದು ಮತ್ತೆ ಚೂಪಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಡಯಲ್. ಅದಕ್ಕೆ ಹೊಸ ಬಣ್ಣ ಹೊಡೆದಿದ್ದರೆ ವಾಚು ಓಡುತ್ತಿದ್ದರೂ ಬೆಲೆ ನೆಲಕಚ್ಚುತ್ತದೆ.

ಎಚ್‌ಎಂಟಿಗೆ ಆದದ್ದು ಇದೇ. ಹಳೆಯ ಪೈಲಟ್, ಜನತಾಗಳ ಡಯಲ್‌ಗಳಿಗೆ ಕಿತ್ತಳೆ, ಆಕಾಶನೀಲಿ, ಕಡುಗೆಂಪು ಬಳಿದು, ಕಾರ್ಖಾನೆ ಎಂದೂ ಮಾಡದಿದ್ದ ವಿನ್ಯಾಸಗಳನ್ನು ಅಚ್ಚುಹಾಕಿ, ಅಪರೂಪದ ವಾಚು ಎಂದು ಆನ್‌ಲೈನಿನಲ್ಲಿ ಜಗತ್ತಿಗೆಲ್ಲ ಮಾರಿದವರಿದ್ದಾರೆ. ಇಂಥವನ್ನು ಗುರುತಿಸುವುದು ಕಷ್ಟವಲ್ಲ. ಐ ಗ್ಲಾಸಿನಲ್ಲಿ ನೋಡಿದರೆ ಕಾರ್ಖಾನೆಯ ಅಕ್ಷರದ ಅಂಚು ಗೆರೆ ಎಳೆದಂತೆ ಇರುತ್ತದೆ, ಮರುಬಣ್ಣದ ಅಕ್ಷರ ದಪ್ಪವಾಗಿ ಅಂಚಿನಲ್ಲಿ ಹರಡಿರುತ್ತದೆ. ನಿಮಿಷದ ಗೆರೆಗಳು ಅಂಕಿಗಳಿಗೆ ನೇರವಾಗಿ ಕೂತಿರುವುದಿಲ್ಲ. ಐವತ್ತು ವರ್ಷದ ವಾಚಿನ ಡಯಲ್ ನಿನ್ನೆ ಬಳಿದಂತೆ ಹೊಳೆಯುತ್ತಿದ್ದರೆ ಅದು ನಿನ್ನೆ ಬಳಿದದ್ದೇ. ದುಃಖದ ವಿಷಯವೆಂದರೆ ಹೀಗೆ ಬಣ್ಣ ಕಂಡ ಪ್ರತಿಯೊಂದು ವಾಚಿನ ಜೊತೆಗೆ ಬೆಂಗಳೂರಿನ ಕಾರ್ಮಿಕರು ಅಚ್ಚುಕಟ್ಟಾಗಿ ಮಾಡಿದ ಒಂದು ಮೂಲ ಡಯಲ್ ಅಳಿಸಿಹೋಗಿದೆ. ಹತ್ತು ಕೋಟಿ ವಾಚುಗಳಲ್ಲಿ ಕೈ ಮುಟ್ಟದೆ ಉಳಿದವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಸಂಗ್ರಾಹಕರು ಈಗ ಹುಡುಕುತ್ತಿರುವುದು ಅಂಥವನ್ನೇ. ಡಬ್ಬಿ, ಗ್ಯಾರಂಟಿ ಕಾರ್ಡು, ಅಂಗಡಿಯ ಬಿಲ್ಲು ಜೊತೆಗಿದ್ದರಂತೂ ಅವರು ಚೌಕಾಸಿ ಮಾಡುವುದು ಕಡಿಮೆ.

ಆದ್ದರಿಂದ ಬೀರುವಿನಲ್ಲಿ ಹಳೆಯ ವಾಚು ಸಿಕ್ಕವರು ಅದರ ಡಯಲಿಗೆ ಬಣ್ಣ ಹೊಡೆಸಬೇಡಿ, ಕೇಸಿಗೆ ಪಾಲಿಶ್ ಹಾಕಿಸಬೇಡಿ. ಗಾಜು ಒಡೆದಿದ್ದರೆ ಗಾಜು ಹಾಕಿಸಿ, ಯಂತ್ರಕ್ಕೆ ಎಣ್ಣೆ ಹಾಕಿಸಿ, ತೆಗೆದ ಹಳೆಯ ಭಾಗವನ್ನು ರಿಪೇರಿಯವರಿಂದ ಕೇಳಿ ಪಡೆದು ಒಂದು ಪುಟ್ಟ ಕವರಿನಲ್ಲಿ ಇಡಿ. ಹೊಸದನ್ನು ಹಣ ಹೂಡಿಕೆ ಎಂದು ಕೊಳ್ಳಲು ಹೊರಟವರು ಶೋರೂಮಿಗೆ ಹೋಗುವ ಮುನ್ನ ಒಬ್ಬ ಸೆಕೆಂಡ್‌ಹ್ಯಾಂಡ್ ವ್ಯಾಪಾರಿಗೆ ಫೋನ್ ಮಾಡಿ. ಆ ಮಾದರಿಯನ್ನು ಅವನು ಎಷ್ಟಕ್ಕೆ ಮಾರುತ್ತಾನೆ ಎಂದು ಕೇಳಬೇಡಿ, ನಿಮ್ಮಿಂದ ಇವತ್ತೇ ನಗದು ಕೊಟ್ಟು ಎಷ್ಟಕ್ಕೆ ಕೊಳ್ಳುತ್ತಾನೆ ಎಂದು ಕೇಳಿ. ಶೋರೂಮಿನ ಬೆಲೆಯಿಂದ ಆ ಮೊತ್ತವನ್ನು ಕಳೆದಾಗ ಉಳಿಯುವ ದುಡ್ಡು, ಆ ವಾಚನ್ನು ಕಟ್ಟಿಕೊಳ್ಳುವುದಕ್ಕೆ ನೀವು ತೆರುವ ಬೆಲೆ.